ಎದುರು ದಡಕ್ಕೆ ನೇರ ತಲುಪಲು 31 ಡಿಗ್ರಿಯೋ, 37 ಡಿಗ್ರಿಯೋ?

ಹೊಳೆಯ ಅಗಲ 200 ಮೀಟರ್. ನಿಂತ ನೀರಿನಲ್ಲಿ ದೋಣಿ ಸೆಕೆಂಡಿಗೆ 2.5 ಮೀಟರ್ ಸಾಗುತ್ತದೆ, ಹೊಳೆಯ ಸೆಳವು ಸೆಕೆಂಡಿಗೆ 1.5 ಮೀಟರ್. ದೋಣಿಯ ಮೂತಿಯನ್ನು ನೇರ ಆಚೆ ದಡಕ್ಕೆ ಹಿಡಿದರೆ ಎರಡು ವೇಗಗಳು ಲಂಬವಾಗಿ ಕೂಡುತ್ತವೆ. ಫಲಿತ ವೇಗ √(2.5² + 1.5²), ಅಂದರೆ ಸುಮಾರು 2.9. ಇಲ್ಲಿಯೇ ಹಲವರು 200 ಅನ್ನು 2.9ರಿಂದ ಭಾಗಿಸಿ ಸಮಯ ತೆಗೆಯುತ್ತಾರೆ. ಅದು ತಪ್ಪು, ಏಕೆಂದರೆ ದೋಣಿ 200 ಮೀಟರ್ ಅಲ್ಲ, ಸುಮಾರು 233 ಮೀಟರ್ ಓರೆ ದಾರಿ ಸವೆಸುತ್ತದೆ. ಅಗಲವನ್ನು ದಾಟಿಸುವುದು ಅಡ್ಡ ವೇಗ ಮಾತ್ರ: 200 ÷ 2.5 = 80 ಸೆಕೆಂಡು. ಅಷ್ಟರಲ್ಲಿ ಸೆಳವು ದೋಣಿಯನ್ನು 1.5 × 80 = 120 ಮೀಟರ್ ಕೆಳಕ್ಕೆ ಒಯ್ದಿರುತ್ತದೆ.

ಈ ದಾರಿ ನೇರ ರೇಖೆಯಿಂದ ಸುಮಾರು 31 ಡಿಗ್ರಿ ವಾಲಿದೆ. ಹಾಗಾದರೆ ಮೂತಿಯನ್ನು ಅಷ್ಟೇ 31 ಡಿಗ್ರಿ ಸೆಳವಿಗೆ ಎದುರಾಗಿ ತಿರುಗಿಸಿದರೆ ಸರಿಹೋಗುತ್ತದೆ ಎಂದು ಅನ್ನಿಸುವುದು ಸಹಜ. ಲೆಕ್ಕ ಹಾಕಿ ನೋಡಿ. ಸೆಳವಿನ ಎದುರು ದೋಣಿಗೆ ಸಿಗುವುದು 2.5 × sin 31°, ಸುಮಾರು 1.29. ಇನ್ನೂ 0.21 ಉಳಿಯಿತು. ದಾಟಲು 93 ಸೆಕೆಂಡು ಹಿಡಿಯುವುದರಿಂದ ದೋಣಿ ಸುಮಾರು 20 ಮೀಟರ್ ಕೆಳಗೆ ದಡ ಸೇರುತ್ತದೆ. ಮೂತಿ ತಿರುಗಿಸಿದಾಗ ದೋಣಿಯ 2.5 ಹೆಚ್ಚುವುದಿಲ್ಲ, ಎರಡು ಪಾಲಾಗುತ್ತದೆ ಅಷ್ಟೆ. ಆದ್ದರಿಂದ ತ್ರಿಕೋನದಲ್ಲಿ ಕರ್ಣವಾಗಬೇಕಾದ್ದು ಅದೇ 2.5. ಸೆಳವು ಪೂರ್ತಿ ಕಳೆಯಬೇಕಾದರೆ sin θ = 1.5 ÷ 2.5 = 0.6, ಕೋನ ಸುಮಾರು 37 ಡಿಗ್ರಿ. ಅಡ್ಡ ವೇಗ 2ಕ್ಕೆ ಇಳಿಯುತ್ತದೆ, ಸಮಯ 100 ಸೆಕೆಂಡು. ನೇರ ಎದುರಿಗೆ ಇಳಿಯಲು 20 ಸೆಕೆಂಡು ಹೆಚ್ಚು ತೆರಬೇಕು.

ಮಳೆಗಾಲದಲ್ಲಿ ಸೆಳವು 3 ಮೀಟರಿಗೇರಿದರೆ sin θ 1.2 ಆಗಬೇಕಾಗುತ್ತದೆ. ಅಂಥ ಕೋನವೇ ಇಲ್ಲ. ಆಗ ಎಷ್ಟೇ ಓರೆ ಹಿಡಿದರೂ ಎದುರಿನ ಜಾಗ ಸಿಗದು. ಅತಿ ಕಡಿಮೆ ಸರಿಯುವುದು sin θ = 2.5 ÷ 3, ಸುಮಾರು 56 ಡಿಗ್ರಿಯಲ್ಲಿ. ಆಗಲೂ ಸುಮಾರು 133 ಮೀಟರ್ ಕೆಳಗೇ ಇಳಿಯಬೇಕು.

ನಿಜವಾದ ಹೊಳೆಯಲ್ಲಿ ಸೆಳವು ಎಲ್ಲೆಡೆ ಒಂದೇ ಅಲ್ಲ. ದಡದ ಬಳಿ ನಿಧಾನ, ನಡುವೆ ಜೋರು. ಮೊದಲು ಒಂದು ತೆಂಗಿನಕಾಯಿಯನ್ನು ತೇಲಿಬಿಟ್ಟು 30 ಮೀಟರಿಗೆ ಎಷ್ಟು ಸೆಕೆಂಡು ಹಿಡಿಯಿತೆಂದು ಎಣಿಸಿ. 20 ಸೆಕೆಂಡಾದರೆ ಸೆಳವು 1.5. ಆದರೆ ದಡದಂಚಿನಲ್ಲಿ ಅಳೆದ ಅಂಕಿಯಿಂದ ಕೋನ ಹಿಡಿದರೆ ನಡುಹೊಳೆಯಲ್ಲಿ ಅದು ಸಾಲದು. ದಾಟುವಾಗ ಆಚೆ ದಡದಲ್ಲಿ ಒಂದರ ಹಿಂದೆ ಒಂದು ಇರುವ ಎರಡು ಗುರುತು ನೋಡಿಕೊಳ್ಳಿ: ನೀರಂಚಿನ ಕಲ್ಲು, ಅದರ ಹಿಂದಿನ ಮರ. ಕಲ್ಲು ಮರವನ್ನು ಬಿಟ್ಟು ಹೊಳೆ ಬರುವ ಕಡೆಗೆ ಸರಿದಂತೆ ಕಂಡರೆ ದೋಣಿ ಕೆಳಕ್ಕೆ ಹೋಗುತ್ತಿದೆ, ಮೂತಿಯನ್ನು ಇನ್ನಷ್ಟು ಸೆಳವಿಗೆ ಎದುರು ಮಾಡಿ. ಕಲ್ಲು ಕೆಳಕ್ಕೆ ಸರಿದರೆ ಕೋನ ಹೆಚ್ಚಾಗಿದೆ, ತುಸು ಬಿಡಿ.