ಮಾತು ತಡೆದಾಗ ‘ವೆಲ್’, ‘ಯು ನೋ’ ಅಂದರೆ ಅಂಕ ಜಾಸ್ತಿ ಬರುತ್ತಾ?

ಪ್ರಶ್ನೆ: ಸರ್, ನಾನು ವಿರಾಜಪೇಟೆ ಕಡೆಯವಳು, ನರ್ಸ್ ಆಗಿದ್ದೇನೆ. ಬ್ರಿಟನ್ನಿನಲ್ಲಿ ಕೆಲಸಕ್ಕೆ ಹೋಗಲು ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್ ಬರೆದೆ. ಸ್ಪೀಕಿಂಗ್‌ನಲ್ಲಿ 6 ಬಂತು, ಬೇಕಾದದ್ದು 7. ಮಾತಾಡ್ತಾ ಮಾತಾಡ್ತಾ ಪದ ಸಿಗದೆ ಸುಮ್ಮನೆ ನಿಂತುಬಿಡುತ್ತೇನೆ. ಹಾಗೆ ನಿಲ್ಲುವ ಬದಲು ‘ವೆಲ್’, ‘ಯು ನೋ’, ‘ಆಕ್ಚುಲಿ’ ಅಂತ ಸೇರಿಸಿದರೆ ಅಂಕ ಜಾಸ್ತಿ ಆಗುತ್ತಾ?

ಉತ್ತರ: ಆ ಪದಗಳಿಗೆ ಅಂತ ಯಾರೂ ಅಂಕ ಕೊಡುವುದಿಲ್ಲ. ಆದರೆ ಸರಿಯಾದ ಜಾಗದಲ್ಲಿ ಬಂದರೆ, ನೀವು ಕಳೆದುಕೊಳ್ಳುತ್ತಿರುವ ಅಂಕವನ್ನು ಉಳಿಸಿಕೊಡುತ್ತವೆ. ತಪ್ಪು ಜಾಗದಲ್ಲಿ ಬಂದರೆ ಇರುವುದೂ ಹೋಗುತ್ತದೆ.

ಮೊದಲು ಪರೀಕ್ಷಕರು ಏನು ನೋಡುತ್ತಾರೆ ಅಂತ ತಿಳಿದುಕೊಳ್ಳಿ. ಸ್ಪೀಕಿಂಗ್ ಪರೀಕ್ಷೆ 11ರಿಂದ 14 ನಿಮಿಷ ನಡೆಯುತ್ತದೆ. ಅಂಕ ಕೊಡುವುದು ನಾಲ್ಕು ವಿಷಯಕ್ಕೆ: ಮಾತಿನ ಓಟ ಮತ್ತು ಹೊಂದಾಣಿಕೆ, ಪದಗಳು, ವ್ಯಾಕರಣ, ಉಚ್ಚಾರಣೆ. ನಾಲ್ಕಕ್ಕೂ ಸಮಪಾಲು. ನಿಮ್ಮ ಪ್ರಶ್ನೆ ಮೊದಲನೆಯದ್ದು.

ಆ ವಿಭಾಗದ ಅಳತೆಪಟ್ಟಿಯನ್ನು ಐಇಎಲ್‌ಟಿಎಸ್ ನಡೆಸುವವರೇ ಎಲ್ಲರಿಗೂ ಸಿಗುವಂತೆ ಪ್ರಕಟಿಸಿದ್ದಾರೆ. ಓದಿದರೆ ಒಂದು ವಿಷಯ ಗಮನಕ್ಕೆ ಬರುತ್ತದೆ. 9 ಅಂಕದ ಮಾತುಗಾರರೂ ತಡವರಿಸುತ್ತಾರೆ. ಆದರೆ ಅವರು ನಿಲ್ಲುವುದು ‘ಮುಂದೆ ಏನು ಹೇಳಲಿ’ ಅಂತ ಯೋಚಿಸಲು. 5ರವರು ವಾಕ್ಯದ ನಡುವೆ, ತೀರಾ ಸಾಮಾನ್ಯ ಪದ ಅಥವಾ ವ್ಯಾಕರಣ ಹುಡುಕಲು ನಿಲ್ಲುತ್ತಾರೆ. ನೀವು ನಿಂತಿರಾ ಅನ್ನುವುದಕ್ಕಿಂತ ಎಲ್ಲಿ ನಿಂತಿರಿ, ಯಾಕೆ ನಿಂತಿರಿ ಅನ್ನುವುದು ಮುಖ್ಯ ಅಂತಾಯ್ತು. ನೀವು ಕೇಳಿದ ಪದಗಳ ಬಗ್ಗೆಯೂ ಪಟ್ಟಿಯಲ್ಲಿ ಮಾತಿದೆ. 7ಕ್ಕೆ ಅವನ್ನು ಸಂದರ್ಭಕ್ಕೆ ತಕ್ಕಂತೆ ಬದಲಾಯಿಸಿ ಬಳಸಬೇಕು. ಕೆಲವನ್ನೇ ಅತಿಯಾಗಿ ಬಳಸುವುದು 5ರ ಲಕ್ಷಣ!

ಒಂದು ಉದಾಹರಣೆ ನೋಡೋಣ. ಸ್ಪೀಕಿಂಗ್ ಪರೀಕ್ಷೆಯ ಎರಡನೇ ಭಾಗದಲ್ಲಿ ವಿಷಯ ಬರೆದ ಕಾರ್ಡು ಕೊಡುತ್ತಾರೆ. ಒಂದು ನಿಮಿಷ ತಯಾರಿ, ಆಮೇಲೆ ಒಂದೆರಡು ನಿಮಿಷ ಮಾತು. ನಿಮ್ಮ ಊರಲ್ಲಿ ಎಲ್ಲರೂ ಬಿಡುವಿಲ್ಲದೆ ದುಡಿಯುವ ಕಾಲದ ಬಗ್ಗೆ ಹೇಳಿ ಅಂತ ಕಾರ್ಡು ಬಂತು ಅಂದುಕೊಳ್ಳಿ. ಕೊಡಗಿನವರಿಗೆ ಕಾಫಿ ಕೊಯ್ಲು ಬಿಟ್ಟು ಬೇರೆ ಏನು ನೆನಪಾಗುತ್ತದೆ? ಹೇಳಲು ಬೇಕಾದಷ್ಟಿದೆ. ಆದರೆ ಕಣಕ್ಕೆ ಇಂಗ್ಲಿಷಿನಲ್ಲಿ ಏನಂತಾರೆ ಅಂತ ಹೊಳೆಯಲಿಲ್ಲ. ಆಗ ಮಾತು ಹೀಗಾಗುತ್ತದೆ: ‘ವಿ ಡ್ರೈ ದಿ ಕಾಫಿ ಇನ್ ದಿ…’ ಮೂರ್ನಾಲ್ಕು ಸೆಕೆಂಡ್ ಮೌನ. ಆಮೇಲೆ ಆ ವಾಕ್ಯವನ್ನೇ ಕೈಬಿಟ್ಟು ಇನ್ನೊಂದು ಶುರು.

‘ದಿ’ ಆದ ಮೇಲೆ ನಿಂತದ್ದು ಇಲ್ಲಿನ ತೊಂದರೆ. ‘ದಿ’ ಅಂದಮೇಲೆ ಒಂದು ಹೆಸರು ಬರಲೇಬೇಕು, ಕೇಳುವವರು ಅದಕ್ಕೇ ಕಾಯುತ್ತಿರುತ್ತಾರೆ. ಬಾರದಿದ್ದರೆ ಪದ ಹುಡುಕುತ್ತಿದ್ದೀರಿ ಅಂತ ತಕ್ಷಣ ಗೊತ್ತಾಗುತ್ತದೆ. ಇದೇ ಮೌನ ವಾಕ್ಯ ಮುಗಿದ ಮೇಲೆ ಬಂದಿದ್ದರೆ ಯೋಚಿಸುತ್ತಿದ್ದಾರೆ ಅಂದುಕೊಂಡು ಸುಮ್ಮನಾಗುತ್ತಿದ್ದರು.

ಈಗ ನೀವು ಕೇಳಿದ ಉಪಾಯವನ್ನೇ ಮಾಡೋಣ. ‘ಆಕ್ಚುಲಿ, ಯು ನೋ, ವಿ ಡ್ರೈ ದಿ ಕಾಫಿ ಇನ್ ದಿ, ಲೈಕ್, ಯು ನೋ, ಆಕ್ಚುಲಿ…’ ಮೌನ ಹೋಯಿತು, ನಿಜ. ಆದರೆ ಪದ ಇನ್ನೂ ಬಂದಿಲ್ಲ. ಕೇಳುವವರಿಗೆ ಮಾತು ಇನ್ನೂ ‘ದಿ’ ಹತ್ತಿರವೇ ನಿಂತಿದೆ. ನನಗೆ ಕೇಳಿದರೆ ಇದಕ್ಕಿಂತ ಆ ಮೌನವೇ ವಾಸಿ.

ಮೂರನೆಯ ರೀತಿ ಇದು: ‘ವೆಲ್, ಐ ವುಡ್ ಸೇ ಇಟ್ಸ್ ದಿ ಕಾಫಿ ಹಾರ್ವೆಸ್ಟ್. ಆಫ್ಟರ್ ಪಿಕಿಂಗ್, ವಿ ಡ್ರೈ ದಿ ಬೆರೀಸ್ ಇನ್ ದಿ… ವಾಟ್ ಡು ಯು ಕಾಲ್ ಇಟ್, ದಿ ಓಪನ್ ಯಾರ್ಡ್ ನೆಕ್ಸ್ಟ್ ಟು ದಿ ಹೌಸ್.’ ಇಲ್ಲಿ ಎರಡು ಕೆಲಸ ನಡೆದಿದೆ. ‘ವೆಲ್, ಐ ವುಡ್ ಸೇ’ ವಾಕ್ಯದ ಶುರುವಿನಲ್ಲೇ ಬಂದು ಯೋಚಿಸಲು ಒಂದು ಕ್ಷಣ ಕೊಟ್ಟಿತು. ‘ವಾಟ್ ಡು ಯು ಕಾಲ್ ಇಟ್’ ಬಂದದ್ದು ವಾಕ್ಯದ ನಡುವೆಯೇ. ಆದರೆ ಅದರ ಬೆನ್ನಿಗೇ ಕಣವನ್ನು ಬೇರೆ ಮಾತಲ್ಲಿ ವಿವರಿಸಿ ವಾಕ್ಯ ಮುಗಿಸಿಯಾಯಿತು. ಅಂಕ ಉಳಿಸಿದ್ದು ಆ ವಿವರಣೆ. ‘ವಾಟ್ ಡು ಯು ಕಾಲ್ ಇಟ್’ ಅನ್ನುವ ತುಂಬುಮಾತು ಅದಕ್ಕೆ ಸಮಯ ಒದಗಿಸಿತು, ಅಷ್ಟೇ. ಗೊತ್ತಿಲ್ಲದ ಪದವನ್ನು ಹೀಗೆ ಸುತ್ತಿ ಬಳಸಿ ಹೇಳುವುದಕ್ಕೆ ಪದಗಳ ವಿಭಾಗದಲ್ಲೂ ಬೆಲೆ ಇದೆ. ಆದರೆ ಇಡೀ ಪರೀಕ್ಷೆಯಲ್ಲಿ ಇದನ್ನು ಒಂದೆರಡು ಸಲಕ್ಕಿಂತ ಹೆಚ್ಚು ಮಾಡಬೇಡಿ.

ಉಳಿದ ಪದಗಳಿಗೂ ಒಂದೊಂದು ಕೆಲಸ ಇದೆ. ಹೇಳಿದ್ದನ್ನು ತಿದ್ದಿಕೊಳ್ಳಲು ‘ಐ ಮೀನ್’. ಎಲ್ಲೋ ಹೋದ ಮಾತನ್ನು ವಾಪಸ್ ತರಲು ‘ಎನಿವೇ’. ಮೂರನೇ ಭಾಗದಲ್ಲಿ, ಹಳ್ಳಿಯ ಯುವಕರು ಊರು ಬಿಟ್ಟು ಯಾಕೆ ಹೋಗುತ್ತಾರೆ ಅನ್ನುವಂಥ ಪ್ರಶ್ನೆ ಬಂದಾಗ, ‘ಐ ಹ್ಯಾವಂಟ್ ರಿಯಲಿ ಥಾಟ್ ಅಬೌಟ್ ಇಟ್, ಬಟ್…’ ಅನ್ನಬಹುದು. ಅಲ್ಲಿ ಯೋಚನೆ ನಿಜವಾಗಿಯೂ ಬೇಕು. ಆದರೆ ಮೊದಲನೇ ಭಾಗದಲ್ಲಿ ‘ನಿಮ್ಮ ಊರು ಯಾವುದು?’ ಅಂದಾಗ ‘ಲೆಟ್ ಮಿ ಥಿಂಕ್’ ಅಂದರೆ? ಸ್ವಂತ ಊರಿಗೆ ಯೋಚನೆ ಬೇಕಾ? ‘ದಟ್ಸ್ ಎ ವೆರಿ ಇಂಟರೆಸ್ಟಿಂಗ್ ಕ್ವೆಶ್ಚನ್’ ಕೂಡ ಇದೇ ಜಾತಿ. ಕೋಚಿಂಗಿನಲ್ಲಿ ಬಾಯಿಪಾಠ ಮಾಡಿಸಿದ್ದು ಅಂತ ಪರೀಕ್ಷಕರಿಗೆ ಕೂಡಲೇ ಗೊತ್ತಾಗುತ್ತದೆ.

‘ಅಮ್’, ‘ಅ’ ಅಂದರೆ ಹೆದರಬೇಡಿ. ಇಂಗ್ಲಿಷ್ ಮನೆಮಾತಾದವರೂ ಧಾರಾಳವಾಗಿ ಅನ್ನುತ್ತಾರೆ. ಹರ್ಬರ್ಟ್ ಕ್ಲಾರ್ಕ್ ಮತ್ತು ಜೀನ್ ಫಾಕ್ಸ್ ಟ್ರೀ ಎಂಬ ಸಂಶೋಧಕರು 2002ರಲ್ಲಿ ಇದನ್ನೇ ಪರಿಶೀಲಿಸಿದರು. ಸ್ವಲ್ಪ ತಡವಾಗುತ್ತದೆ ಅನ್ನಲು ‘ಅ’, ಜಾಸ್ತಿ ತಡವಾಗುತ್ತದೆ ಅನ್ನಲು ‘ಅಮ್’ ಅಂತ ಅವರು ವಾದಿಸಿದರು. ನಮ್ಮವರ ತೊಂದರೆ ಬೇರೆ. ನಾವು ಇಂಗ್ಲಿಷ್ ಪದದ ಬಾಲವನ್ನು ಎಳೆಯುತ್ತೇವೆ: ‘ಅಂಡೂ…’, ‘ಬಟ್ಟೂ…’, ‘ದಿಸ್ಸೂ…’. ಕನ್ನಡದಲ್ಲಿ ‘ಆಮೇಲೇ…’ ಅಂತ ಎಳೆದರೆ ಯಾರಿಗೂ ಏನೂ ಅನ್ನಿಸದು. ಇಂಗ್ಲಿಷಿನಲ್ಲಿ ಇದರಿಂದ ಓಟವೂ ತಪ್ಪುತ್ತದೆ, ಉಚ್ಚಾರಣೆಗೂ ಪೆಟ್ಟು ಬೀಳುತ್ತದೆ. ‘ಅಂಡ್’ ಅಂತ ಕಟ್ ಮಾಡಿ, ಒಂದು ಕ್ಷಣ ಸುಮ್ಮನಿದ್ದು ಮುಂದುವರಿಯಿರಿ.

ನಿಮ್ಮ ತೊಂದರೆ ಎಲ್ಲಿದೆ ಅಂತ ಮನೆಯಲ್ಲೇ ಪತ್ತೆ ಮಾಡಬಹುದು. ಫೋನಿನಲ್ಲಿ ಎರಡು ನಿಮಿಷ ಮಾತು ರೆಕಾರ್ಡ್ ಮಾಡಿ. ಅದನ್ನು ಹೇಳಿದ ಹಾಗೇ, ತಿದ್ದದೆ, ಬರೆಯಿರಿ. ನಿಂತಲ್ಲೆಲ್ಲ ಒಂದು ಅಡ್ಡಗೆರೆ ಎಳೆಯಿರಿ. ಗೆರೆಗಳು ಹೆಚ್ಚಾಗಿ ವಾಕ್ಯದ ಕೊನೆಯಲ್ಲಿ, ಅಥವಾ ‘ಬಿಕಾಸ್’, ‘ಬಟ್’ ಮುಂಚೆ ಬಿದ್ದಿದ್ದರೆ ನಿಮ್ಮ ಮಾತಿನ ಓಟ ಪರವಾಗಿಲ್ಲ. ಅಂಕ ಬೇರೆ ವಿಭಾಗದಲ್ಲಿ ಹೋಗಿರಬಹುದು. ‘ದಿ’, ‘ಟು’, ‘ಈಸ್’ ಆದಮೇಲೆ ಬಿದ್ದಿದ್ದರೆ ಪದದ ಕೊರತೆ. ಕ್ರಿಯಾಪದಕ್ಕೆ ಮುಂಚೆಯೇ ಪದೇ ಪದೇ ಬಿದ್ದಿದ್ದರೆ, ‘ವೆಂಟ್’ ಅನ್ನಲಾ ‘ಹ್ಯಾವ್ ಗಾನ್’ ಅನ್ನಲಾ ಅನ್ನುವ ಗೊಂದಲ ಇರಬಹುದು. ಅದಕ್ಕೆ ವ್ಯಾಕರಣವೇ ಮದ್ದು. ಯಾವ ‘ಯು ನೋ’ ಕೂಡ ಅದನ್ನು ಮುಚ್ಚಿಡಲಾರದು.

ಐಇಎಲ್‌ಟಿಎಸ್ ಬಿಟ್ಟು ಪಿಟಿಇ ಅನ್ನುವ ಇನ್ನೊಂದು ಇಂಗ್ಲಿಷ್ ಪರೀಕ್ಷೆ ಬರೆಯುವ ಯೋಚನೆ ಇದ್ದರೆ ಇದೆಲ್ಲ ಅಲ್ಲಿ ಹಾಗೇ ನಡೆಯುವುದಿಲ್ಲ. ಅಲ್ಲಿ ನೀವು ಮಾತಾಡುವುದು ಕಂಪ್ಯೂಟರ್ ಮುಂದೆ, ಎದುರಿಗೆ ತಲೆಯಾಡಿಸುವವರು ಯಾರೂ ಇರುವುದಿಲ್ಲ. ತಡವರಿಕೆ, ಪದ ಎರಡೆರಡು ಸಲ ಹೇಳುವುದು, ಅರ್ಧಕ್ಕೆ ಬಿಟ್ಟು ಮತ್ತೆ ಶುರು ಮಾಡುವುದು, ಎಲ್ಲವೂ ಅಲ್ಲಿ ಓಟದ ಅಂಕ ಇಳಿಸುತ್ತವೆ. ಮೂರು ಸೆಕೆಂಡ್ ಸುಮ್ಮನಿದ್ದರೆ ಮೈಕ್ ಬಂದ್ ಆಗುತ್ತದೆ. ಅಲ್ಲಿ ‘ವಾಟ್ ಡು ಯು ಕಾಲ್ ಇಟ್’ ಬೇಡ. ಕಣದ ಹೆಸರು ನೆನಪಾಗದಿದ್ದರೆ ನೇರವಾಗಿ ‘ಓಪನ್ ಯಾರ್ಡ್’ ಅಂದು ಮುಂದೆ ಹೋಗಿ.