ಪ್ಲೇಟ್‌ಲೆಟ್: ಬಿಳಿ ರಕ್ತಕಣವೂ ಅಲ್ಲ, ಅದರ ಜೊತೆ ಎಣಿಸುವುದೂ ಇಲ್ಲ

ಮಳೆಗಾಲದಲ್ಲಿ ಡೆಂಗಿ ಸುದ್ದಿ ಬಂತೆಂದರೆ ಬೆನ್ನಿಗೇ ಒಂದು ವಾಕ್ಯವೂ ಬರುತ್ತದೆ: "ಬಿಳಿ ರಕ್ತಕಣ ಮೂವತ್ತು ಸಾವಿರಕ್ಕೆ ಇಳಿದಿದೆ." ಹೇಳಹೊರಟಿದ್ದು ರಕ್ತ ಹೆಪ್ಪುಗಟ್ಟಲು ನೆರವಾಗುವ ಪ್ಲೇಟ್‌ಲೆಟ್ ಬಗ್ಗೆ. ಬಿಳಿ ರಕ್ತಕಣ ನಿಜಕ್ಕೂ ಮೂವತ್ತು ಸಾವಿರ ಇದ್ದರೆ ಅದು ಇಳಿಕೆಯಲ್ಲ, ದೊಡ್ಡ ಏರಿಕೆ. ಆರೋಗ್ಯವಂತರಲ್ಲಿ ಅವು ಒಂದು ಮೈಕ್ರೋಲೀಟರ್ ರಕ್ತಕ್ಕೆ ಸುಮಾರು 4,000ದಿಂದ 11,000 ಇರುತ್ತವೆ. ಪ್ಲೇಟ್‌ಲೆಟ್ ಇರಬೇಕಾದ್ದು ಒಂದೂವರೆ ಲಕ್ಷಕ್ಕಿಂತ ಮೇಲೆ. ಡೆಂಗಿಯಲ್ಲಿ ಇವೆರಡೂ ಕಡಿಮೆಯಾಗುವುದರಿಂದ ಎರಡಕ್ಕೂ ಒಂದೇ ಹೆಸರಿಟ್ಟರೆ ರೋಗಿಯ ಮನೆಯವರಿಗೆ ರಿಪೋರ್ಟಿನ ಯಾವ ಸಾಲನ್ನು ನೋಡಬೇಕೆಂಬುದೇ ತಿಳಿಯುವುದಿಲ್ಲ.

ಪದವೇ ದಾರಿ ತೋರಿಸುತ್ತದೆ. ಪ್ಲೇಟ್ ಎಂದರೆ ತಟ್ಟೆ, 'ಲೆಟ್' ಎಂದರೆ ಪುಟ್ಟದು. 1880ರ ದಶಕದ ಆರಂಭದಲ್ಲಿ ಇಟಲಿಯ ಜೂಲಿಯೋ ಬಿಜ್ಜೊಜೆರೊ ಇವುಗಳಿಗೆ 'ಪಿಯಾಸ್ಟ್ರೀನೆ' ಎಂದು ಹೆಸರಿಟ್ಟ. ಅದರ ಅರ್ಥವೂ ಪುಟ್ಟ ತಟ್ಟೆಗಳು ಎಂದೇ. ಕನ್ನಡದಲ್ಲಿ 'ಕಿರುಬಿಲ್ಲೆ' ಎಂದರೆ ಚೆನ್ನಾಗಿ ಹೊಂದುತ್ತದೆ. ಇವು ಪೂರ್ತಿ ಜೀವಕೋಶಗಳೂ ಅಲ್ಲ. ಮೂಳೆಮಜ್ಜೆಯಲ್ಲಿರುವ ಮೆಗಾಕ್ಯಾರಿಯೋಸೈಟ್ ಎಂಬ ದೈತ್ಯ ಕೋಶದಿಂದ ಕಳಚಿಬಿದ್ದ ಚೂರುಗಳು, ಕೋಶಕೇಂದ್ರವಿಲ್ಲದವು. ಬಿಳಿ ರಕ್ತಕಣಕ್ಕೆ ಕೋಶಕೇಂದ್ರ ಇದ್ದೇ ಇರುತ್ತದೆ. ಬಣ್ಣವಿಲ್ಲ ಎಂಬ ಒಂದೇ ಕಾರಣಕ್ಕೆ ಎರಡನ್ನೂ 'ಬಿಳಿ' ಎಂದು ಒಟ್ಟು ಹಾಕುವುದು ಸರಿಯಲ್ಲ.

ಲ್ಯಾಬಿನ ಸೆಲ್ ಕೌಂಟರ್ ಮಾಡುವ ಕೆಲಸವನ್ನು ನೋಡಿದರೆ ಈ ತಪ್ಪು ಇನ್ನೂ ಎದ್ದು ಕಾಣುತ್ತದೆ. ಯಂತ್ರ ರಕ್ತವನ್ನು ಎರಡು ಪಾಲು ಮಾಡುತ್ತದೆ. ಒಂದು ಪಾಲನ್ನು ಉಪ್ಪುನೀರಿನಂಥ ದ್ರಾವಣದಲ್ಲಿ ಸಾವಿರಾರು ಪಟ್ಟು ತೆಳುವಾಗಿಸುತ್ತದೆ. ಕೆಂಪುಕಣವನ್ನೂ ಪ್ಲೇಟ್‌ಲೆಟ್‌ನ್ನೂ ಒಟ್ಟಿಗೇ ಎಣಿಸುವುದು ಇಲ್ಲಿ. ಇನ್ನೊಂದು ಪಾಲನ್ನು ಕೆಲವು ನೂರು ಪಟ್ಟು ಮಾತ್ರ ತೆಳುವಾಗಿಸಿ, ಕೆಂಪುಕಣಗಳನ್ನು ಒಡೆಯುವ ಲೈಸ್ ದ್ರಾವಣ ಸೇರಿಸುತ್ತದೆ. ಬಿಳಿಕಣದ ಲೆಕ್ಕ ಅಲ್ಲಿ. ಅಂದರೆ ಯಂತ್ರದೊಳಗೆ ಪ್ಲೇಟ್‌ಲೆಟ್‌ನ ನೆರೆಮನೆ ಕೆಂಪುಕಣ, ಬಿಳಿಕಣ ಅಲ್ಲ. ಪ್ಲೇಟ್‌ಲೆಟ್ ಸಂಖ್ಯೆ ಕೆಡುವ ಮುಖ್ಯ ದಾರಿಯೊಂದು ಈ ನೆರೆಮನೆಯಿಂದಲೇ ಬರುತ್ತದೆ.

ಎಣಿಕೆಯ ತತ್ವ ಅಮೆರಿಕದ ವಾಲೆಸ್ ಕೌಲ್ಟರ್‌ನದು, 1953ರಲ್ಲಿ ಪೇಟೆಂಟ್ ಆದದ್ದು. ದ್ರಾವಣದ ಎರಡು ಭಾಗಗಳ ನಡುವೆ ಒಂದು ಸಣ್ಣ ರಂಧ್ರ. ಕೆಂಪುಕಣ ಮತ್ತು ಪ್ಲೇಟ್‌ಲೆಟ್‌ಗೆ ಅದರ ವ್ಯಾಸ ಸಾಮಾನ್ಯವಾಗಿ 50 ಮೈಕ್ರಾನ್ ಆಸುಪಾಸು. ರಂಧ್ರದ ಆಚೆ ಒಂದು, ಈಚೆ ಒಂದು ಎಲೆಕ್ಟ್ರೋಡ್. ನಡುವೆ ಒಂದೇ ಸಮನೆ ಹರಿಯುವ ವಿದ್ಯುತ್. ಉಪ್ಪುನೀರು ವಿದ್ಯುತ್ತನ್ನು ಹರಿಯಬಿಡುತ್ತದೆ, ಕಣ ಬಿಡುವುದಿಲ್ಲ. ಕಣವೊಂದು ರಂಧ್ರದಲ್ಲಿ ತೂರುವಾಗ ತನ್ನ ಗಾತ್ರದಷ್ಟೇ ಉಪ್ಪುನೀರನ್ನು ಪಕ್ಕಕ್ಕೆ ತಳ್ಳುತ್ತದೆ, ಆ ಕ್ಷಣಕ್ಕೆ ಅಡ್ಡಿ ಹೆಚ್ಚುತ್ತದೆ, ವೋಲ್ಟೇಜಿನಲ್ಲಿ ಒಂದು ಏರು ಮೂಡುತ್ತದೆ. ಎಷ್ಟು ಏರುಗಳೋ ಅಷ್ಟು ಕಣಗಳು. ಏರು ಎಷ್ಟು ಎತ್ತರವೋ ಕಣ ಅಷ್ಟು ದೊಡ್ಡದು. ಈ ಅಡ್ಡಿಯ ಹೆಸರೇ ಇಂಪಿಡೆನ್ಸ್. ಅದರ ಲ್ಯಾಟಿನ್ ಮೂಲದಲ್ಲಿರುವುದು ಕಾಲು. ನಮ್ಮ 'ಅಡ್ಡಗಾಲು' ಅದಕ್ಕೆ ಒಳ್ಳೆಯ ಜೋಡಿ.

ಯಂತ್ರಕ್ಕೆ ಸಿಗುವುದು ಏರಿನ ಎತ್ತರ ಮಾತ್ರ ಎಂಬುದನ್ನು ಮರೆಯಬಾರದು. ಅದರ ಮಟ್ಟಿಗೆ ಪ್ಲೇಟ್‌ಲೆಟ್ ಎಂದರೆ ಸುಮಾರು 2ರಿಂದ 20 ಫೆಮ್ಟೋಲೀಟರ್ ಗಾತ್ರದ ಯಾವುದೇ ವಸ್ತು. ಹಲವು ಯಂತ್ರಗಳಲ್ಲಿ 36ರಿಂದ ಮೇಲಿನದು ಕೆಂಪುಕಣ. ಸಹಜ ಕೆಂಪುಕಣ 80ರಿಂದ 100, ಪ್ಲೇಟ್‌ಲೆಟ್ ಹತ್ತರ ಆಸುಪಾಸು. ನಡುವೆ ಸಾಕಷ್ಟು ಬಯಲಿರುವುದರಿಂದ ಹೆಚ್ಚಿನವರಲ್ಲಿ ಲೆಕ್ಕ ತಪ್ಪುವುದಿಲ್ಲ. ತಪ್ಪುವುದು ಈ ಬಯಲು ತುಂಬಿಕೊಂಡಾಗ. ತೀವ್ರ ಕಬ್ಬಿಣದ ಕೊರತೆಯಲ್ಲಿ ಕೆಂಪುಕಣ ಕುಗ್ಗುತ್ತದೆ; ಸುಟ್ಟಗಾಯದಲ್ಲಿ, ರಕ್ತನಾಳದೊಳಗೆ ಕಣ ಸೀಳಿಹೋಗುವ ಕಾಯಿಲೆಗಳಲ್ಲಿ ಚೂರುಚೂರಾಗುತ್ತದೆ.

ಒಂದು ಲೆಕ್ಕ ಹಾಕಿ ನೋಡೋಣ. ಡೆಂಗಿ ಬಂದವರೊಬ್ಬರಿಗೆ ಮೊದಲೇ ಕಬ್ಬಿಣದ ಕೊರತೆ ಇದೆ. ಕೆಂಪುಕಣ 50 ಲಕ್ಷ, ಅದರ ಸರಾಸರಿ ಗಾತ್ರ ಅಂದರೆ MCV 58, ಯಂತ್ರ ಕೊಟ್ಟ ಪ್ಲೇಟ್‌ಲೆಟ್ ಲೆಕ್ಕ ಅಂದರೆ PLT 72,000. ರಕ್ತ ಸವರಿದ ಸ್ಲೈಡಿನಲ್ಲಿ ಎಣ್ಣೆ ಹಾಕಿ ನೋಡುವ ಮೈಕ್ರೋಸ್ಕೋಪಿನ ನೂರರ ಲೆನ್ಸ್‌ನಡಿ ಹತ್ತು ಕಡೆ ಎಣಿಸಿದರೆ ಒಟ್ಟು 20 ಪ್ಲೇಟ್‌ಲೆಟ್, ಅಂದರೆ ಒಂದು ಕಡೆಗೆ ಎರಡು. ರೂಢಿಯ ಲೆಕ್ಕದಂತೆ ಅದನ್ನು 15,000ದಿಂದ ಗುಣಿಸಿದರೆ 30,000. ಉಳಿದ 42,000 ಎಲ್ಲಿಂದ ಬಂತು? 50 ಲಕ್ಷದಲ್ಲಿ ಅದು ನೂರಕ್ಕೆ ಒಂದೂ ಅಲ್ಲ. ಅಷ್ಟು ಕೆಂಪುಚೂರುಗಳು 20ರ ಗೆರೆಯ ಕೆಳಗೆ ಇಳಿದರೆ ಸಾಕು, ಪ್ಲೇಟ್‌ಲೆಟ್ ಸಂಖ್ಯೆ ಎರಡು ಪಟ್ಟಿಗೂ ಹೆಚ್ಚಾಗಿ ಕಾಣುತ್ತದೆ. ಕುರುಹು, ಯಾವ ಗಾತ್ರದ ಕಣ ಎಷ್ಟಿವೆ ಎಂದು ಯಂತ್ರ ಬಿಡಿಸಿ ಕೊಡುವ ಗ್ರಾಫಿನಲ್ಲೇ ಇರುತ್ತದೆ: ಪ್ಲೇಟ್‌ಲೆಟ್‌ನ ಗೆರೆ ಬಲತುದಿಯಲ್ಲಿ ನೆಲ ಮುಟ್ಟದೆ ಮೇಲೆಯೇ ತೇಲುತ್ತಿರುತ್ತದೆ. ಆ ಗ್ರಾಫ್ ನೋಡದೆ ಅಂಕಿಯನ್ನಷ್ಟೇ ಬರೆದು ಕೊಡುವುದು ಅರ್ಧ ಕೆಲಸ.

ಬೆಳಕಿನ ವಿಧಾನ ಇಲ್ಲಿ ನೆರವಿಗೆ ಬರುತ್ತದೆ. ಕಣಗಳ ಸುತ್ತ ಇನ್ನೊಂದು ದ್ರಾವಣ ಹರಿಸಿ ಅವು ಒಂದರ ಹಿಂದೊಂದು ಸಾಗುವಂತೆ ಮಾಡುತ್ತಾರೆ, ಅಡ್ಡಲಾಗಿ ಲೇಸರ್ ಹಾಯಿಸುತ್ತಾರೆ. ನೇರ ಮುಂದಕ್ಕೆ ಚೆದುರಿದ ಬೆಳಕು ಮುಖ್ಯವಾಗಿ ಗಾತ್ರ ಹೇಳುತ್ತದೆ. ಹೆಚ್ಚು ಓರೆಯಾಗಿ ಚೆದುರಿದ್ದು ಒಳಗೇನಿದೆ ಎಂಬುದನ್ನು. ಕೆಂಪುಚೂರು ಗಾತ್ರದಲ್ಲಿ ಪ್ಲೇಟ್‌ಲೆಟ್‌ನಷ್ಟೇ ಇದ್ದರೂ ಅದರ ತುಂಬ ಹಿಮೋಗ್ಲೋಬಿನ್ ಇರುತ್ತದೆ, ಬೆಳಕನ್ನು ಬೇರೆಯದೇ ಪ್ರಮಾಣದಲ್ಲಿ ಬಾಗಿಸುತ್ತದೆ. ಹಾಗಾಗಿ ಎರಡು ಕೋನಗಳಲ್ಲಿ ಅಳೆದರೆ ಬಹುಮಟ್ಟಿಗೆ ಬೇರ್ಪಡಿಸಬಹುದು. ಇದಕ್ಕೂ ಒಂದು ತೊಡಕಿದೆ. ಕೆಂಪುಕಣ ನಡುವೆ ತಗ್ಗಿರುವ ಬಿಲ್ಲೆಯಾದ್ದರಿಂದ ಅದು ತಿರುಗಿದ ಹಾಗೆಲ್ಲ ಚೆದುರುವ ಬೆಳಕೂ ಬದಲಾಗುತ್ತದೆ. ಅದಕ್ಕೇ ಕೆಲವು ಯಂತ್ರಗಳು ಗಾತ್ರ ಕೆಡದಂತೆ ಕಣವನ್ನು ಮೊದಲು ಗುಂಡಗಾಗಿಸಿ ಆಮೇಲೆ ಅಳೆಯುತ್ತವೆ.

ಎರಡೂ ವಿಧಾನಗಳು ಸೋಲುವ ಒಂದು ಜಾಗವಿದೆ. ರಕ್ತ ಹೆಪ್ಪುಗಟ್ಟದಿರಲೆಂದು ನೇರಳೆ ಮುಚ್ಚಳದ ಟ್ಯೂಬಿನಲ್ಲಿ ಹಾಕಿರುವ ಇಡಿಟಿಎ ಕೆಲವರ ಪ್ಲೇಟ್‌ಲೆಟ್‌ಗಳನ್ನು ಒಂದಕ್ಕೊಂದು ಅಂಟಿಸಿಬಿಡುತ್ತದೆ. ರಕ್ತ ತೆಗೆದೊಡನೆ ಟ್ಯೂಬನ್ನು ಎಂಟು ಹತ್ತು ಸಲ ಮೆಲ್ಲಗೆ ಮಗುಚದಿದ್ದರೂ ಗಂಟು ಕಟ್ಟುತ್ತದೆ. ಇಪ್ಪತ್ತು ಪ್ಲೇಟ್‌ಲೆಟ್‌ಗಳ ಗಂಟು ಒಂದೇ ಕಣವಾಗಿ ಹಾಯುತ್ತದೆ, ಗೆರೆ ದಾಟುವುದರಿಂದ ಪ್ಲೇಟ್‌ಲೆಟ್ ಲೆಕ್ಕಕ್ಕೇ ಸೇರುವುದಿಲ್ಲ. ರಕ್ತಸ್ರಾವವಿಲ್ಲ, ಚರ್ಮದ ಮೇಲೆ ಕೆಂಪುಚುಕ್ಕೆಯಿಲ್ಲ, ರಿಪೋರ್ಟಿನಲ್ಲಿ ಮಾತ್ರ 25,000 ಎಂದಿದ್ದರೆ ಮೊದಲು ಅನುಮಾನಿಸಬೇಕಾದ್ದು ಇದನ್ನೇ. ಸ್ಲೈಡಿನ ತೆಳುಅಂಚಿನಲ್ಲಿ ಗಂಟುಗಳು ಕಂಡರೆ, ನೀಲಿ ಮುಚ್ಚಳದ ಸಿಟ್ರೇಟ್ ಟ್ಯೂಬಿನಲ್ಲಿ ಮತ್ತೆ ರಕ್ತ ತೆಗೆದು ಬೇಗ ಎಣಿಸಿ, ಬಂದದ್ದನ್ನು 1.1ರಿಂದ ಗುಣಿಸಬೇಕು, ಏಕೆಂದರೆ ಆ ಟ್ಯೂಬಿನಲ್ಲಿ ಒಂಬತ್ತು ಪಾಲು ರಕ್ತಕ್ಕೆ ಒಂದು ಪಾಲು ದ್ರಾವಣ ಮೊದಲೇ ಇರುತ್ತದೆ. ಕೆಲವರಲ್ಲಿ ಸಿಟ್ರೇಟ್‌ನಲ್ಲೂ ಗಂಟಾಗುವುದುಂಟು, ಆಗ ಸ್ಲೈಡೇ ಗತಿ.

ಈ ಗಂಟುಗಳು ಲೈಸ್ ಹಾಕಿದ ಪಾಲಿನಲ್ಲೂ ಒಡೆಯದೆ ಉಳಿಯುತ್ತವೆ. ಅಲ್ಲಿ ಸುಮಾರು 35 ಫೆಮ್ಟೋಲೀಟರ್‌ಗಿಂತ ದೊಡ್ಡದೆಲ್ಲ ಬಿಳಿಕಣ ಎಂಬುದು ಇಂಪಿಡೆನ್ಸ್ ಯಂತ್ರದ ನಿಯಮ. ಹಾಗಾಗಿ ಬಿಳಿಕಣದ ಗ್ರಾಫಿನ ಎಡತುದಿಯಲ್ಲಿ ಒಂದು ಪುಟ್ಟ ಗುಡ್ಡ ಏಳುತ್ತದೆ, ಬಿಳಿಕಣದ ಲೆಕ್ಕ ಅಂದರೆ WBC ಸುಳ್ಳೇ ಹೆಚ್ಚುತ್ತದೆ. ಪ್ಲೇಟ್‌ಲೆಟ್‌ನ್ನು ಬಿಳಿ ರಕ್ತಕಣ ಎಂದು ಯಂತ್ರ ಎಣಿಸುವುದು ಇಂಥ ಸಂದರ್ಭದಲ್ಲಿ, ಅದೂ ತಪ್ಪಾಗಿ.