ಪಿರಮಿಡ್ ಸ್ಕ್ರೀನ್‌ಶಾಟ್‌ನಿಂದ ಅವಲಂಬನೆ ಅನುಪಾತ ಮತ್ತು ಮಧ್ಯಾಂಕದ ವಯೋಗುಂಪು: ಭಾರತ 2011ರ ಲೆಕ್ಕ

ಜನಸಂಖ್ಯಾ ಪಿರಮಿಡ್‌ನ ಚಿತ್ರ ಕೊಟ್ಟು ಎರಡು ಪ್ರಶ್ನೆ ಕೇಳುತ್ತಾರೆ: ಅವಲಂಬನೆ ಅನುಪಾತ ಎಷ್ಟು, ಅಂದರೆ ದುಡಿಯುವ ವಯಸ್ಸಿನ 100 ಜನರಿಗೆ ಮಕ್ಕಳು, ಹಿರಿಯರು ಸೇರಿ ಎಷ್ಟು ಜನ? ಮಧ್ಯಾಂಕ, ಅಂದರೆ ಜನರನ್ನು ಸರಿಯಾಗಿ ಅರ್ಧ ಮಾಡುವ ವಯಸ್ಸು, ಯಾವ ವಯೋಗುಂಪಿನಲ್ಲಿ ಬರುತ್ತದೆ? ಎರಡೂ ಬರೀ ಕೂಡಿಸಿ ಭಾಗಿಸುವ ಲೆಕ್ಕ. ಆದರೆ ಚಿತ್ರ ಓದುವಾಗ ಆಗುವ ಸಣ್ಣ ತಪ್ಪಿಗೆ ಮೊದಲನೆಯದು ಅಲ್ಲಾಡುವುದಿಲ್ಲ, ಎರಡನೆಯದು ಕೆಲವೊಮ್ಮೆ ಪಕ್ಕದ ಗುಂಪಿಗೇ ಜಾರಿಬಿಡುತ್ತದೆ. ಇದನ್ನು ನೋಡಲು 2011ರ ಜನಗಣತಿಯ ಭಾರತಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಮೊದಲು ಅಡಿಯ ಅಕ್ಷವನ್ನು ನೋಡಿ. ಅಲ್ಲಿರುವುದು ಜನರ ಸಂಖ್ಯೆಯೋ ಶೇಕಡಾವಾರೋ? ಶೇಕಡಾ ಆಗಿದ್ದರೆ ಎಲ್ಲಾ ಪಟ್ಟಿಗಳನ್ನೂ ಕೂಡಿಸಿ. ಮೊತ್ತ 100ರ ಹತ್ತಿರ ಬಂದರೆ ಅದು ಒಟ್ಟು ಜನಸಂಖ್ಯೆಯ ಶೇಕಡಾ, ಹಾಗೇ ಬಳಸಬಹುದು. 200ರ ಹತ್ತಿರ ಬಂದರೆ ಗಂಡಸರ ಶೇಕಡಾ ಬೇರೆ, ಹೆಂಗಸರ ಶೇಕಡಾ ಬೇರೆ ಎಂದರ್ಥ. ಆಗ ಎರಡು ಬದಿಯನ್ನು ನೇರವಾಗಿ ಕೂಡಿಸುವ ಹಾಗಿಲ್ಲ. ಗಂಡಸರು, ಹೆಂಗಸರು ಒಟ್ಟು ಎಷ್ಟೆಷ್ಟು ಎಂಬುದರಿಂದ ಗುಣಿಸಿ, ಜನರ ಸಂಖ್ಯೆಗೆ ತಂದುಕೊಂಡು ಮುಂದೆ ಹೋಗಬೇಕು.

ಪಟ್ಟಿಗಳ ಮೇಲೆ ಸಂಖ್ಯೆ ಬರೆದಿಲ್ಲದಿದ್ದರೆ ಪಿಕ್ಸೆಲ್ ಅಳೆಯಬೇಕು. ಅಕ್ಷದ ಸೊನ್ನೆಯಿಂದ 7 ಕೋಟಿಯ ಗುರುತಿನವರೆಗೆ 350 ಪಿಕ್ಸೆಲ್ ಇದ್ದರೆ ಒಂದು ಪಿಕ್ಸೆಲ್ ಅಂದರೆ 2 ಲಕ್ಷ ಜನ. ಎಷ್ಟೋ ಪಿರಮಿಡ್‌ಗಳಲ್ಲಿ ವಯಸ್ಸಿನ ಹೆಸರುಗಳನ್ನು ನಡುವೆ ಬರೆದಿರುತ್ತಾರೆ. ಆಗ ಎಡಗಡೆಯ ಸೊನ್ನೆ ಬೇರೆ, ಬಲಗಡೆಯ ಸೊನ್ನೆ ಬೇರೆ. ಚಿತ್ರದ ನಟ್ಟನಡುವಿನಿಂದ ಅಳೆದರೆ ಪ್ರತಿ ಪಟ್ಟಿಗೂ ಒಂದಿಷ್ಟು ಉದ್ದ ಸುಮ್ನೆ ಸೇರಿಕೊಳ್ಳುತ್ತದೆ. ಚಿಕ್ಕ ಪಟ್ಟಿಗಳಿಗೆ, ಅಂದರೆ ಮುದುಕರ ಗುಂಪುಗಳಿಗೆ, ಇದರ ಹೊಡೆತ ಜಾಸ್ತಿ. ತುತ್ತತುದಿಯ ಪಟ್ಟಿಯೂ ದಪ್ಪಗೆ ಕಂಡರೆ ಸೊನ್ನೆ ಎಲ್ಲಿದೆ ಎಂದು ಮತ್ತೊಮ್ಮೆ ನೋಡಿ.

ಈಗ ಲೆಕ್ಕ. ಪ್ರತಿ ವಯಸ್ಸಿಗೂ ಎರಡೂ ಬದಿ ಕೂಡಿಸಬೇಕು. ಉದಾಹರಣೆಗೆ 10–14ರಲ್ಲಿ ಹುಡುಗರು 6.94 ಕೋಟಿ, ಹುಡುಗಿಯರು 6.33 ಕೋಟಿ, ಒಟ್ಟು 13.27 ಕೋಟಿ. ಹೀಗೇ 0–4ರಲ್ಲಿ 11.28 ಕೋಟಿ, 5–9ರಲ್ಲಿ 12.69 ಕೋಟಿ. ಮೂರೂ ಸೇರಿ 0–14ರ ಮಕ್ಕಳು 37.24 ಕೋಟಿ. 15–64ರವರು 76.77 ಕೋಟಿ. 65 ದಾಟಿದವರು 6.62 ಕೋಟಿ.

```
ಮಕ್ಕಳ ಅವಲಂಬನೆ    = 37.24 ÷ 76.77 × 100 = 48.5
ಹಿರಿಯರ ಅವಲಂಬನೆ   =  6.62 ÷ 76.77 × 100 =  8.6
ಒಟ್ಟು ಅವಲಂಬನೆ     = 43.86 ÷ 76.77 × 100 = 57.1
```

ಅಂದರೆ ದುಡಿಯುವ ವಯಸ್ಸಿನ 100 ಜನರಿಗೆ ಸುಮಾರು 57 ಅವಲಂಬಿತರು. ಇಲ್ಲಿ ಛೇದದಲ್ಲಿ ಇರುವುದು ಒಟ್ಟು ಜನಸಂಖ್ಯೆ ಅಲ್ಲ, 15–64ರವರು ಮಾತ್ರ. ಒಟ್ಟು ಜನಸಂಖ್ಯೆಯಿಂದ ಭಾಗಿಸಿದರೆ 36ರ ಆಸುಪಾಸು ಬರುತ್ತದೆ. ಅದು ಅವಲಂಬಿತರ ಪಾಲು, ಅವಲಂಬನೆ ಅನುಪಾತವಲ್ಲ.

ಇನ್ನೊಂದು ವಿಷಯ, ಗಡಿ ಎಲ್ಲಿ ಹಾಕುತ್ತೇವೆ ಅನ್ನುವುದು. ವಿಶ್ವಬ್ಯಾಂಕ್ 15–64 ಅನ್ನುತ್ತದೆ. ನಮ್ಮಲ್ಲಿ ಹಿರಿಯ ನಾಗರಿಕರು ಅಂದರೆ 60 ದಾಟಿದವರು, ಹಾಗಾಗಿ ಭಾರತದ ಅನೇಕ ವರದಿಗಳು 15–59 ತೆಗೆದುಕೊಳ್ಳುತ್ತವೆ. 60–64ರ ಒಂದೇ ಗುಂಪು, 3.77 ಕೋಟಿ ಜನ, ಛೇದದಿಂದ ಅಂಶಕ್ಕೆ ಹೋಗುತ್ತದೆ. ಅಷ್ಟಕ್ಕೇ ಒಟ್ಟು ಅನುಪಾತ 57ರಿಂದ 65ಕ್ಕೆ ಏರುತ್ತದೆ, ಹಿರಿಯರದ್ದು 8.6ರಿಂದ 14.2ಕ್ಕೆ. ಒಂದೇ ದೇಶ, ಒಂದೇ ವರ್ಷ! ಅದಕ್ಕೇ ಉತ್ತರದ ಪಕ್ಕದಲ್ಲಿ ಯಾವ ಗಡಿ ಬಳಸಿದ್ದೀರಿ ಎಂದು ಬರೆಯದಿದ್ದರೆ ಆ ಸಂಖ್ಯೆಯನ್ನು ಬೇರೊಂದರ ಜೊತೆ ಹೋಲಿಸುವುದಕ್ಕೇ ಆಗುವುದಿಲ್ಲ.

ಇನ್ನು ಮಧ್ಯಾಂಕ. ಅತಿ ಉದ್ದದ ಪಟ್ಟಿ ಇರುವ ಗುಂಪೇ ಮಧ್ಯಾಂಕದ ಗುಂಪು ಅಂದುಕೊಳ್ಳಬೇಡಿ. ಈ ಚಿತ್ರದಲ್ಲಿ ಅತಿ ಉದ್ದದ್ದು 10–14, ಅದು ಬಹುಲಕದ ಗುಂಪು. ಮಧ್ಯಾಂಕಕ್ಕೆ ಬುಡದಿಂದ ಮೇಲಕ್ಕೆ ಕೂಡಿಸುತ್ತಾ ಹೋಗಿ, ಅರ್ಧ ಜನ ಎಲ್ಲಿ ಮುಗಿಯುತ್ತಾರೆ ಎಂದು ನೋಡಬೇಕು. ಒಟ್ಟು 120.64 ಕೋಟಿ, ಅರ್ಧ 60.32 ಕೋಟಿ. ಸಂಖ್ಯೆಗಳನ್ನು ಎರಡು ದಶಮಾಂಶಕ್ಕೆ ದುಂಡಗೆ ಮಾಡಿರುವುದರಿಂದ ಕೂಡಿಸಿದಾಗ ಕೊನೆಯ ಅಂಕಿ ಒಂದು ಹೆಚ್ಚುಕಮ್ಮಿ ಕಾಣಬಹುದು. 14ರವರೆಗೆ 37.24. 15–19ರ 12.05 ಸೇರಿಸಿದರೆ 49.30. 20–24ರ 11.14 ಸೇರಿಸಿದರೆ 60.44. ಅರ್ಧ ದಾಟಿತು, ಹಾಗಾಗಿ ಮಧ್ಯಾಂಕದ ಗುಂಪು 20–24. ಗುಂಪಿನೊಳಗೆ ಎಲ್ಲಿ ಎಂದು ತಿಳಿಯಲು:

```
20 + (60.32 − 49.30) ÷ 11.14 × 5 = 24.95
```

ಇಲ್ಲಿ ಕೆಳಗಡಿ 20, 19.5 ಅಲ್ಲ. ಸಂಖ್ಯಾಶಾಸ್ತ್ರದ ಪಾಠದಲ್ಲಿ 20–24 ಥರದ ವರ್ಗ ಬಂದರೆ ಅರ್ಧ ಕಳೆಯುವುದು ರೂಢಿ. ಆದರೆ ಜನಗಣತಿಯಲ್ಲಿ ವಯಸ್ಸು ಅಂದರೆ ತುಂಬಿದ ವರ್ಷ. 24 ವರ್ಷ 11 ತಿಂಗಳಾದವರೂ 24ರಲ್ಲೇ ಇರುತ್ತಾರೆ. ಆದ್ದರಿಂದ ಈ ಗುಂಪು 20ರಿಂದ ಶುರುವಾಗಿ 25ಕ್ಕೆ ಮುಟ್ಟುವ ತನಕ. ಅರ್ಧ ಕಳೆದರೆ ಉತ್ತರ ಆರು ತಿಂಗಳು ತಪ್ಪುತ್ತದೆ.

24.95 ಅಂದರೆ ಗುಂಪಿನ ತೀರಾ ಅಂಚು, ಅಲ್ವಾ? ಅರ್ಧದ ಗೆರೆ ದಾಟಿದ್ದು ಬರೀ 12 ಲಕ್ಷ ಜನರಿಂದ. ಈಗ ಒಂದು ವಿವರ ಸೇರಿಸೋಣ. 2011ರಲ್ಲಿ ವಯಸ್ಸು ದಾಖಲಾಗದ 45 ಲಕ್ಷ ಜನ ಇದ್ದಾರೆ. ಪಿರಮಿಡ್‌ನಲ್ಲಿ ಅವರಿಗೆ ಪಟ್ಟಿಯೇ ಇಲ್ಲ. ಚಿತ್ರದ ತಲೆಬರಹದಲ್ಲಿರುವ ಒಟ್ಟು ಜನಸಂಖ್ಯೆ 121.09 ಕೋಟಿಯನ್ನೇ ಅರ್ಧ ಮಾಡಿದರೆ 60.54 ಬರುತ್ತದೆ. 24ರವರೆಗಿನ 60.44 ಅದಕ್ಕೆ ಸಾಲುವುದಿಲ್ಲ. ಮಧ್ಯಾಂಕದ ಗುಂಪು 25–29 ಆಗಿಬಿಡುತ್ತದೆ! ಸರಿಯಾದ ದಾರಿ ಯಾವುದೆಂದರೆ, ಪಟ್ಟಿಗಳನ್ನು ಕೂಡಿಸಿ ಬಂದ ಮೊತ್ತವನ್ನೇ ಅರ್ಧ ಮಾಡುವುದು. ವಯಸ್ಸು ಗೊತ್ತಿಲ್ಲದವರನ್ನು ಒಟ್ಟಿನಲ್ಲಿ ಸೇರಿಸಿ ಗುಂಪುಗಳಲ್ಲಿ ಬಿಟ್ಟರೆ, ಅವರೆಲ್ಲ ಅತಿ ಹಿರಿಯರು ಎಂದು ನಾವೇ ಊಹಿಸಿದ ಹಾಗಾಗುತ್ತದೆ.

ಪಿಕ್ಸೆಲ್ ಅಳತೆಯಲ್ಲೂ ಇದೇ ಕಷ್ಟ. 0ಯಿಂದ 24ರವರೆಗೆ ಎರಡೂ ಬದಿ ಸೇರಿ ಹತ್ತು ಪಟ್ಟಿ. ಅವನ್ನು ಎರಡೆರಡು ಪಿಕ್ಸೆಲ್ ಕಡಿಮೆ ಓದಿದಿರಿ ಅನ್ನಿ. ಕೂಡಿಕೆಯಲ್ಲಿ 40 ಲಕ್ಷ ಇಳಿಯುತ್ತದೆ, ಅರ್ಧದ ಗೆರೆ 20 ಲಕ್ಷ ಮಾತ್ರ ಇಳಿಯುತ್ತದೆ. ನಮ್ಮ ಬಳಿ ಇದ್ದದ್ದೇ 12 ಲಕ್ಷ, ಹಾಗಾಗಿ ಗುಂಪು ಬದಲಾಗುತ್ತದೆ. ಅದೇ ತಪ್ಪಿಗೆ ಅವಲಂಬನೆ ಅನುಪಾತ 57.1ರಿಂದ 56.9ಕ್ಕೆ ಹೋಗುತ್ತದೆ, ಅಷ್ಟೇ. ಅನುಪಾತದಲ್ಲಿ ತಪ್ಪು ಅಂಶ, ಛೇದ ಎರಡಕ್ಕೂ ಹಂಚಿಹೋಗುತ್ತದೆ. ಮಧ್ಯಾಂಕದ ಗುಂಪಿನಲ್ಲಿ ಈ ಕಡೆ ಇಲ್ಲವೇ ಆ ಕಡೆ, ನಡುವೆ ಏನೂ ಇಲ್ಲ.

ಇದರ ಮೇಲೆ, ಜನಗಣತಿಯವರು ಕೇಳಿದಾಗ ಎಷ್ಟೋ ಜನ ವಯಸ್ಸನ್ನು 20, 25, 30 ಎಂದು ದುಂಡಗೆ ಹೇಳುತ್ತಾರೆ. 24 ಆದವರು 25 ಅಂದರೆ ಮೇಲಿನ ಗುಂಪಿಗೆ ಹೋದರು, 26 ಆದವರು 25 ಅಂದರೆ ಗುಂಪು ಬದಲಾಗಲಿಲ್ಲ. ಅಂದರೆ ನಮ್ಮ ಮಧ್ಯಾಂಕ ಕೂತಿರುವ ಗಡಿಯೇ ಅಷ್ಟು ಗಟ್ಟಿಯಲ್ಲ.

ಹಾಗಾಗಿ ಗುಂಪಿನ ಹೆಸರು ಬರೆದು ನಿಲ್ಲಿಸಬೇಡಿ, ಗುಂಪಿನೊಳಗಿನ ಸ್ಥಾನವನ್ನೂ ಲೆಕ್ಕ ಹಾಕಿ. ವಯಸ್ಸು ಗೊತ್ತಿಲ್ಲದವರನ್ನು ಬಿಟ್ಟರೆ 24.95, ಒಟ್ಟಿನಲ್ಲಿ ಸೇರಿಸಿದರೆ 25.05. ಗುಂಪಿನ ಹೆಸರು ಬೇರೆ ಬೇರೆ, ಆದರೆ ವ್ಯತ್ಯಾಸ ಒಂದು ತಿಂಗಳಿಗಿಂತ ಸ್ವಲ್ಪ ಜಾಸ್ತಿ. ನಾನಾದರೆ ಹೀಗೆ ಬರೆಯುತ್ತೇನೆ: "ಮಧ್ಯಾಂಕದ ಗುಂಪು 20–24, ಮೇಲಂಚಿನಲ್ಲಿ, ಮಧ್ಯಾಂಕ ವಯಸ್ಸು ಸುಮಾರು 25, ವಯಸ್ಸು ದಾಖಲಾಗದವರನ್ನು ಬಿಟ್ಟಿದೆ."